ಟೆಂಡರ್ ವಾಪಸ್ ಪಡೆದರೆ ಇಎಂಡಿ ದುಡ್ಡು ಸಿಗುತ್ತಾ? ಎಲ್ಲಾ ತಾರೀಖಿನ ಮೇಲೆ

ಟೆಂಡರ್ ಹಾಕಿದ ಮೇಲೆ ಮಾರ್ಕೆಟ್ ರೇಟ್ ಏರಿದರೆ ಸಣ್ಣ ಅಂಗಡಿಯವರು ಮೊದಲು ಯೋಚಿಸೋದು ಒಂದೇ. ವರ್ಕ್ ಆರ್ಡರ್ ಇನ್ನೂ ಬಂದಿಲ್ಲವಲ್ಲ, ಒಂದು ಪತ್ರ ಕೊಟ್ಟು ಹಿಂದೆ ಸರಿದರೆ ಇಎಂಡಿ ಠೇವಣಿ ವಾಪಸ್ ಬರುತ್ತೆ ಅನ್ನೋದು ಅವರ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ.

ಭಾರತೀಯ ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ ಒಪ್ಪಿಗೆ ತಿಳಿಸುವ ಮೊದಲು ಯಾರು ಬೇಕಾದರೂ ತಮ್ಮ ಆಫರ್ ಹಿಂಪಡೆಯಬಹುದು. ಆದರೆ ಠೇವಣಿಯ ಷರತ್ತೇ ಬೇರೆ. ಟೋಲ್ ವಸೂಲಿ ಟೆಂಡರ್ ಒಂದರಲ್ಲಿ ಗಂಗಾ ಎಂಟರ್‌ಪ್ರೈಸಸ್ ಎಂಬ ಸಂಸ್ಥೆ, ಒಪ್ಪಿಗೆ ಬರುವ ಮೊದಲೇ ಬಿಡ್ ವಾಪಸ್ ಪಡೆದಿತ್ತು. ದುಡ್ಡು ಹಿಂದಿರುಗಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿದರೂ, 2003ರಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿ ಪ್ರಾಧಿಕಾರದ ಪರ ತೀರ್ಪು ಕೊಟ್ಟಿತು. ಹಿಂದೆ ಸರಿಯೋ ಹಕ್ಕಿದೆ, ಆದರೆ ವಾಯಿದೆಯೊಳಗೆ ಸರಿದರೆ ಠೇವಣಿ ಮುಟ್ಟುಗೋಲು ಎಂಬ ಷರತ್ತಿಗೆ ಬಿಡ್‌ದಾರರೇ ಒಪ್ಪಿರುತ್ತಾರೆ ಅನ್ನೋದು ಅದರ ಸಾರ.

ಹಾಗಾಗಿ ನೋಡಬೇಕಾದದ್ದು ಟೆಂಡರ್ ದಾಖಲೆಯಲ್ಲಿರುವ ವಾಯಿದೆ, ಅಂದರೆ ಬಿಡ್ ಎಷ್ಟು ದಿನ ಊರ್ಜಿತ ಅನ್ನೋದು.

ಒಂದು ಉದಾಹರಣೆ ನೋಡೋಣ. ಹಾಸ್ಟೆಲ್‌ಗೆ ದಿನಸಿ ಪೂರೈಸುವ ಟೆಂಡರ್‌ಗೆ ಬಿಡ್ ಹಾಕಲು ಜೂನ್ 10 ಕೊನೆ ದಿನ, ವಾಯಿದೆ 90 ದಿನ, ಇಎಂಡಿ 25,000 ರೂಪಾಯಿ ಅಂತಿಟ್ಟುಕೊಳ್ಳಿ. ವಾಯಿದೆ ಮುಗಿಯೋದು ಸೆಪ್ಟೆಂಬರ್ 8ಕ್ಕೆ. ಜೂನ್ 10ರ ಕೊನೆ ಗಂಟೆಯೊಳಗೆ ಬಿಡ್ ವಾಪಸ್ ಪಡೆದರೆ ಸಾಮಾನ್ಯವಾಗಿ ದುಡ್ಡಿಗೆ ತೊಂದರೆ ಇಲ್ಲ. ಆಗಸ್ಟ್ 20ಕ್ಕೆ "ಎಣ್ಣೆ ರೇಟ್ ಏರಿದೆ, ಆಗಲ್ಲ" ಅಂತ ಪತ್ರ ಕೊಟ್ಟರೆ ಕಾರಣ ನಿಜವೇ ಆದರೂ 25,000 ಹೋಗುತ್ತೆ.

ಆದರೆ ಆಫೀಸಿನವರು ತಡ ಮಾಡಿ, ಸೆಪ್ಟೆಂಬರ್ 5ಕ್ಕೆ "ಇನ್ನೂ 60 ದಿನ ವಾಯಿದೆ ಮುಂದುವರಿಸಿ" ಎಂದು ಪತ್ರ ಬರೆದರೆ ಅಲ್ಲಿ ದಾರಿ ತೆರೆಯುತ್ತೆ. ರಾಜ್ಯದ ಕಾಮಗಾರಿ ಟೆಂಡರ್‌ಗಳ ಮಾದರಿ ದಾಖಲೆಯಲ್ಲಿ, ವಿಸ್ತರಣೆಗೆ ಒಪ್ಪದಿದ್ದರೂ ಇಎಂಡಿ ಮುಟ್ಟುಗೋಲು ಆಗಲ್ಲ ಅಂತ ಇದೆ. ಪೂರೈಕೆ ಟೆಂಡರ್ ಹಾಕಿದವರು ತಮ್ಮ ದಾಖಲೆಯಲ್ಲೂ ಈ ಷರತ್ತು ಇದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು.

ಎಡವಟ್ಟು ಆಗೋದು ಇಲ್ಲೇ. ಹಲವರು ಗಡಿಬಿಡಿಯಲ್ಲಿ "ಬಿಡ್ ಹಿಂಪಡೆಯುತ್ತಿದ್ದೇನೆ" ಅಂತ ಬರೆದುಬಿಡುತ್ತಾರೆ. ವಾಯಿದೆಗೆ ಇನ್ನೂ ಮೂರು ದಿನ ಇರುವಾಗ ಆ ಮಾತು ಬರೆದರೆ ಮುಟ್ಟುಗೋಲಿಗೆ ತಾವೇ ಕಾರಣ ಕೊಟ್ಟಂತೆ. ಬರೆಯಬೇಕಾದದ್ದು ಇಷ್ಟೇ: "ಸೆಪ್ಟೆಂಬರ್ 8ರ ನಂತರ ವಾಯಿದೆ ವಿಸ್ತರಿಸಲು ನನ್ನ ಒಪ್ಪಿಗೆ ಇಲ್ಲ. ಷರತ್ತಿನ ಪ್ರಕಾರ ಇಎಂಡಿ ಮರಳಿಸಿ." ರೇಟ್ ಏರಿದ ಕಾರಣವನ್ನು ಆಮೇಲೆ ಒಂದು ಸಾಲಲ್ಲಿ ಹೇಳಿದರೆ ಸಾಕು. ಟೆಂಡರ್ ನಂಬರ್, ಇಎಂಡಿ ಕಟ್ಟಿದ ರಸೀದಿ, ಷರತ್ತಿನ ನಂಬರ್, ಬ್ಯಾಂಕ್ ಖಾತೆ ವಿವರ ಜೊತೆಗಿರಲಿ. ಪತ್ರದ ಪ್ರತಿಗೆ ಆಫೀಸಿನ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬಾರದು.

ಒಂದು ಅಪಾಯ ಮಾತ್ರ ಉಳಿದೇ ಇರುತ್ತೆ. ಸೆಪ್ಟೆಂಬರ್ 8ರೊಳಗೆ ಒಪ್ಪಿಗೆ ಪತ್ರ ಕೈಗೆ ಬಂದರೆ, ಹಳೇ ರೇಟಿಗೇ ಸಾಮಾನು ಕೊಡಬೇಕು.