ಮನೆಯಲ್ಲಿ ಕಾರು ನಿಧಾನವಾಗಿ ಚಾರ್ಜ್ ಆದರೆ ಬ್ಯಾಟರಿ ಹಾಳಾಗಿದೆ ಎಂದರ್ಥವೇ?

ಎಲೆಕ್ಟ್ರಿಕ್ ಕಾರು ಮನೆಯಲ್ಲಿ ಹೇಳಿದ ಸಮಯಕ್ಕೆ ಚಾರ್ಜ್ ಆಗದಿದ್ದರೆ ಬ್ಯಾಟರಿಯ ಆಯುಷ್ಯ ಮುಗಿಯಿತು ಎಂದೇ ತಿಳಿಯಬೇಕು ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಇದು ತಪ್ಪು. ಹಳೆಯ ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತೇ ಕಡಿಮೆ, ಹಾಗಾಗಿ ಅದೇ ಚಾರ್ಜರ್‌ನಲ್ಲಿ ಅದು ಬೇಗ ತುಂಬುತ್ತದೆಯೇ ಹೊರತು ತಡವಾಗಿ ಅಲ್ಲ. ನಿಧಾನಕ್ಕೆ ಕಾರಣ ಸಾಮಾನ್ಯವಾಗಿ ಕಾರಿನ ಹೊರಗೇ ಇರುತ್ತದೆ.

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ದೂರದಲ್ಲಿರುವ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಿ. ಕಾರಿನ ಬ್ಯಾಟರಿ 30 ಯೂನಿಟ್‌ನದು, ಚಾರ್ಜರ್ 3.3 ಕಿಲೋವ್ಯಾಟ್‌ನದು. ಇದು ಸಾಕೆಟ್‌ನಿಂದ ಸುಮಾರು 15 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಇಳಿದರೂ ಅದು 15 ಆಂಪಿಯರ್‌ಗಿಂತ ಹೆಚ್ಚು ಎಳೆಯುವುದಿಲ್ಲ. ಆದ್ದರಿಂದ ವೋಲ್ಟೇಜ್ ಎಷ್ಟು ಬಿದ್ದರೆ ಚಾರ್ಜಿಂಗ್ ಅಷ್ಟು ನಿಧಾನ. ಬೋರ್‌ವೆಲ್ ಪಂಪ್‌ಗಳಿರುವ ಲೈನಿನಲ್ಲೇ ಮನೆಯಿದ್ದರೆ, ಪಂಪ್‌ಗಳು ಓಡುವಾಗ ಮೀಟರ್ ಬೋರ್ಡ್‌ನಲ್ಲಿ 230 ವೋಲ್ಟ್ ಬದಲು 180 ಬರಬಹುದು.

ಈಗ ಲೆಕ್ಕ ನೋಡಿ. ಬೋರ್ಡ್‌ನಿಂದ ಕಾರು ನಿಲ್ಲಿಸುವ ಜಾಗಕ್ಕೆ 30 ಮೀಟರ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದಿದೆ ಎನ್ನಿ. 15 ಆಂಪಿಯರ್ ಹರಿಯುವಾಗ ಈ ವೈರ್ ಸುಮಾರು 7 ವೋಲ್ಟ್ ನುಂಗುತ್ತದೆ. ಸಾಕೆಟ್‌ನಲ್ಲಿ ಉಳಿಯುವುದು 173. ಅದನ್ನು 15ರಿಂದ ಗುಣಿಸಿದರೆ ಸುಮಾರು 2.6 ಕಿಲೋವ್ಯಾಟ್. ಶೇ 20ರಿಂದ 100ಕ್ಕೆ ತುಂಬಲು ಬ್ಯಾಟರಿಗೆ 24 ಯೂನಿಟ್ ಬೇಕು. ಚಾರ್ಜರ್‌ನಲ್ಲಿ ಆಗುವ ನಷ್ಟ ಸೇರಿ ಗೋಡೆಯಿಂದ 27 ಯೂನಿಟ್ ಎಳೆಯುತ್ತದೆ ಎಂದುಕೊಂಡರೆ, ಹತ್ತೂವರೆ ಗಂಟೆ ಹಿಡಿಯುತ್ತದೆ. ಪಂಪ್‌ಗಳು ನಿಂತು ಬೋರ್ಡ್‌ನಲ್ಲಿ 225 ವೋಲ್ಟ್ ಬಂದಾಗ ಅದೇ ಕೆಲಸಕ್ಕೆ ಎಂಟೂಕಾಲು ಗಂಟೆ ಸಾಕು. ಕಾರು ಅದೇ, ಬ್ಯಾಟರಿ ಅದೇ, ಬದಲಾಗಿದ್ದು ಲೈನ್ ಮಾತ್ರ.

ಹಾಗಾದರೆ ತಪ್ಪು ಲೈನಿನದೋ ಮನೆಯ ವೈರಿಂಗ್‌ನದೋ ಎಂದು ತಿಳಿಯುವುದು ಹೇಗೆ? ಎಲೆಕ್ಟ್ರಿಷಿಯನ್‌ಗೆ ಹೇಳಿ, ಕಾರು ಚಾರ್ಜ್ ಆಗುತ್ತಿರುವಾಗಲೇ ಮೀಟರ್ ಬೋರ್ಡ್‌ನಲ್ಲಿ ಒಮ್ಮೆ, ಸಾಕೆಟ್‌ನಲ್ಲಿ ಒಮ್ಮೆ ವೋಲ್ಟೇಜ್ ಅಳೆಸಿ. ಕಾರು ಎಳೆಯದಿರುವಾಗ ಅಳೆದರೆ ವೈರಿನ ದೋಷ ಕಾಣುವುದೇ ಇಲ್ಲ. ಬೋರ್ಡ್‌ನಲ್ಲೇ ಕಡಿಮೆ ಇದ್ದರೆ ಸಮಸ್ಯೆ ಲೈನಿನದು. ಅದನ್ನು ಬೆಸ್ಕಾಂ ಸಹಾಯವಾಣಿ 1912ಕ್ಕೆ ಹೇಳಬೇಕು. ಬೋರ್ಡ್‌ನಲ್ಲಿ ಸರಿಯಿದ್ದು ಸಾಕೆಟ್‌ಗೆ ಬರುವಷ್ಟರಲ್ಲಿ 20 ವೋಲ್ಟ್ ಬಿದ್ದಿದ್ದರೆ ವೈರ್ ಸಣ್ಣದಿದೆ ಅಥವಾ ಎಲ್ಲೋ ಜಾಯಿಂಟ್ ಸಡಿಲವಾಗಿದೆ.

ಈ ಸಡಿಲ ಜಾಯಿಂಟ್ ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೈರ್ ನುಂಗುವ ವಿದ್ಯುತ್ತಿನ ಬಿಸಿ ಅದರ ಉದ್ದಕ್ಕೂ ಹಂಚಿಹೋಗುತ್ತದೆ. ಸಡಿಲ ಪಿನ್ನಿನಲ್ಲಿ ಕೇವಲ 3 ವೋಲ್ಟ್ ಬಿದ್ದರೂ 45 ವ್ಯಾಟ್ ಬಿಸಿ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಕೂಡ ಹೆಚ್ಚುಕಡಿಮೆ ಇಷ್ಟೇ ಬಿಸಿ ಕೊಡುತ್ತದೆ. ಹಲವು ಚಾರ್ಜಿಂಗ್ ಕೇಬಲ್‌ಗಳ ಪ್ಲಗ್‌ನಲ್ಲಿ ಶಾಖ ಅಳೆಯುವ ಸೆನ್ಸರ್ ಇದ್ದು, ಬಿಸಿ ಏರಿದರೆ ಆಂಪಿಯರ್ ಇಳಿಸುತ್ತದೆ ಅಥವಾ ಚಾರ್ಜಿಂಗ್ ನಿಲ್ಲಿಸುತ್ತದೆ. ಮೊದಲ ಅರ್ಧ ಗಂಟೆ ಚೆನ್ನಾಗಿ ನಡೆದು ಆಮೇಲೆ ನಿಧಾನವಾದರೆ ಇದನ್ನೇ ಅನುಮಾನಿಸಿ. ಪ್ಲಗ್ ಕಂದಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಮೇನ್ ಆಫ್ ಮಾಡಿ, ಸಾಕೆಟ್ ಬದಲಿಸುವವರೆಗೆ ಅಲ್ಲಿ ಚಾರ್ಜ್ ಹಾಕಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬಳಸಲೇಬಾರದು.

ಸ್ಟೆಬಿಲೈಸರ್ ಹಾಕಿದರೆ ಸರಿಹೋಗುತ್ತದೆಯೇ? ಕಾರಿಗೆ 230 ವೋಲ್ಟ್ ಕೊಡಲು ಅದು ಲೈನಿನಿಂದ ಇನ್ನಷ್ಟು ಆಂಪಿಯರ್ ಎಳೆಯುತ್ತದೆ. ಆಗ ಲೈನಿನ ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಮನೆಯ ವೈರ್ ಇನ್ನೂ ಬಿಸಿಯಾಗುತ್ತದೆ. ಅದಕ್ಕಿಂತ ಲೈನಿನಲ್ಲಿ ಲೋಡ್ ಕಡಿಮೆ ಇರುವ ಹೊತ್ತಿಗೆ ಟೈಮರ್ ಇಡುವುದು ಸುಲಭ.

ಇನ್ನು ಬ್ಯಾಟರಿಯ ಪಾತ್ರ. ತುಂಬುತ್ತಾ ಬಂದಂತೆ ಕೊನೆಯ ಕೆಲವು ಶೇಕಡಾ ನಿಧಾನವಾಗುವುದು ಸಹಜ. ಆಗ ಕಾರು ಒಳಗಿನ ಸೆಲ್‌ಗಳನ್ನೆಲ್ಲ ಒಂದೇ ಮಟ್ಟಕ್ಕೆ ತರುತ್ತಿರುತ್ತದೆ. ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಪ್ಲಗ್ ಹಾಕಿದರೆ, ಕೆಲವು ಕಾರುಗಳು ಬರುವ ವಿದ್ಯುತ್ತಿನ ಒಂದು ಪಾಲನ್ನು ಬ್ಯಾಟರಿ ತಣಿಸಲು ಬಳಸುತ್ತವೆ. ಆದ್ದರಿಂದ ಬ್ಯಾಟರಿ ಅರ್ಧ ತುಂಬಿ, ಕಾರು ತಣ್ಣಗಿರುವಾಗ ಪರದೆಯಲ್ಲಿ ಕಿಲೋವ್ಯಾಟ್ ನೋಡಿ. ಸಾಕೆಟ್‌ನಲ್ಲಿ ವೋಲ್ಟೇಜ್ ಸರಿಯಿದ್ದು, ಪ್ಲಗ್ ಬಿಸಿಯಾಗದೆ, ಕಾರಿನಲ್ಲಿ ಆಂಪಿಯರ್ ಮಿತಿಯನ್ನೂ ಇಳಿಸಿರದೆ ಆಗಲೂ ಕಡಿಮೆ ತೋರಿಸಿದರೆ ಮಾತ್ರ ಕಾರನ್ನು ಸರ್ವಿಸ್‌ಗೆ ತೋರಿಸಿ.