ಬೀಗ ಕೊಟ್ಟರೆ ಸಾಲದು, ಹಾಕಿ ಕೊಡಬೇಕು



ಒಟಿಟಿ ಆ್ಯಪ್‌ಗಳ ಬಗ್ಗೆ ನಮ್ಮ ಮುಂಬಯಿಯಲ್ಲಿ ಚರ್ಚೆ ಎದ್ದಾಗಲೆಲ್ಲ ಎರಡೇ ಮಾತು ಕೇಳಿಬರುತ್ತವೆ. ನಿಷೇಧಿಸಿ ಎನ್ನುವುದು ಒಂದು. ಮಕ್ಕಳನ್ನು ನೋಡಿಕೊಳ್ಳುವುದು ತಂದೆತಾಯಿಯ ಕೆಲಸ, ಕಂಪನಿಯದಲ್ಲ ಎನ್ನುವುದು ಇನ್ನೊಂದು. ಸರ್ಕಾರ ಮೊದಲನೆಯ ಮಾತಿಗೆ ಕಿವಿಗೊಟ್ಟಿದೆ. 2024ರ ಮಾರ್ಚ್‌ನಲ್ಲಿ ಅಶ್ಲೀಲತೆಯ ಕಾರಣ ಕೊಟ್ಟು 18 ಒಟಿಟಿಗಳನ್ನು ತಡೆಹಿಡಿಯಿತು, 2025ರ ಜುಲೈಯಲ್ಲಿ ಇನ್ನೂ 25 ಆ್ಯಪ್ ಮತ್ತು ಜಾಲತಾಣಗಳ ಸರದಿ ಬಂತು. ಆದರೆ ಮನೆಮನೆಯಲ್ಲಿರುವ ದೊಡ್ಡ ಆ್ಯಪ್‌ಗಳನ್ನು ಈ ನಿಷೇಧ ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಅಲ್ಲಿ ಏಳು ವರ್ಷದ ಮಗು ನೋಡುವ ಚಿತ್ರವೂ ವಯಸ್ಕರ ಚಿತ್ರವೂ ಒಂದೇ ಪರದೆಯಲ್ಲಿವೆ. ಯಾವುದು ಯಾರ ಕೈಗೆ ಸಿಗಬೇಕು ಎಂಬುದನ್ನು ತೀರ್ಮಾನಿಸುವುದು ಆ್ಯಪಿನ ಒಳಗಿನ ಪ್ರೊಫೈಲ್, ಪೇರೆಂಟಲ್ ಲಾಕ್ ಮತ್ತು ಡೌನ್‌ಲೋಡ್ ಎಂಬ ಮೂರು ಸೆಟ್ಟಿಂಗ್‌ಗಳು. ಆ್ಯಪ್ ಮೊದಲ ಸಲ ತೆರೆದ ದಿನ ಇವು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದು ಸಾರ್ವಜನಿಕ ಪ್ರಶ್ನೆ, ಕಂಪನಿಯ ಮನೆಯೊಳಗಿನ ವಿಷಯವಲ್ಲ ಎಂಬುದು ನನ್ನ ವಾದ.

ಕಾನೂನು ಏನು ಹೇಳುತ್ತದೆ ನೋಡಿ. 2021ರ ಫೆಬ್ರುವರಿ 25ರಂದು ಹೊರಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಜೊತೆಗಿರುವ ನೀತಿಸಂಹಿತೆ ಚಿತ್ರಗಳನ್ನು ಐದು ವರ್ಗ ಮಾಡಿದೆ: ಎಲ್ಲರಿಗೂ ಸಲ್ಲುವ ಯು, ಆಮೇಲೆ ಯು/ಎ 7+, 13+, 16+, ಕೊನೆಗೆ ವಯಸ್ಕರ ಎ. ಯು/ಎ 13+ ಮತ್ತು ಅದಕ್ಕೆ ಮೇಲಿನ ಚಿತ್ರಗಳಿಗೆ ಪೇರೆಂಟಲ್ ಲಾಕ್‌ನಂಥ ವ್ಯವಸ್ಥೆ ಲಭ್ಯವಿರಬೇಕು, ಎ ವರ್ಗಕ್ಕೆ ನಂಬಲರ್ಹ ವಯಸ್ಸಿನ ಪರಿಶೀಲನೆ ಇರಬೇಕು ಎಂದಿದೆ. ಲಾಕ್ ಲಭ್ಯವಿರಬೇಕು ಎಂದಿದೆಯೇ ಹೊರತು ಹಾಕಿರಬೇಕು ಎಂದಿಲ್ಲ. ಸೆಟ್ಟಿಂಗ್‌ನ ನಾಲ್ಕನೆಯ ಪುಟದಲ್ಲಿ ಒಂದು ಗುಂಡಿ ಇಟ್ಟುಬಿಟ್ಟರೆ ಕಂಪನಿಯ ಕರ್ತವ್ಯ ಮುಗಿಯಿತು. ಇಷ್ಟು ಕರ್ತವ್ಯವೂ ಗಟ್ಟಿ ನೆಲದ ಮೇಲೆ ನಿಲ್ಲಲಿಲ್ಲ. 2021ರ ಆಗಸ್ಟ್ 14ರಂದು ನಮ್ಮ ಬಾಂಬೆ ಹೈಕೋರ್ಟ್, ಸಂಹಿತೆಯ ಪಾಲನೆಯನ್ನು ಕಡ್ಡಾಯ ಮಾಡುವ ನಿಯಮ 9(1)ಕ್ಕೂ ಮೂರು ಹಂತದ ದೂರು ವ್ಯವಸ್ಥೆಯ 9(3)ಕ್ಕೂ ಮಧ್ಯಂತರ ತಡೆ ನೀಡಿತು. ಅರ್ಜಿ ಹಾಕಿದವರು ಸುದ್ದಿತಾಣವೊಂದನ್ನು ನಡೆಸುವವರು ಮತ್ತು ಪತ್ರಕರ್ತ ನಿಖಿಲ್ ವಾಗ್ಳೆ. ಅವರ ಆತಂಕ ಪತ್ರಿಕಾ ಸ್ವಾತಂತ್ರ್ಯದ್ದು, ಅದು ನ್ಯಾಯವಾದ ಆತಂಕ. ಆದರೆ ಸುದ್ದಿಗೂ ಸಿನಿಮಾಕ್ಕೂ ಒಂದೇ ನಿಯಮದ ಹಗ್ಗ ಕಟ್ಟಿದ್ದರಿಂದ, ಯಾರೂ ಆಕ್ಷೇಪಿಸದ ಮಕ್ಕಳ ಲಾಕ್ ಕೂಡ ಅದರ ಜೊತೆಗೇ ಸಡಿಲವಾಯಿತು. 2025ರ ಫೆಬ್ರುವರಿಯಲ್ಲಿ ಮುಂಬಯಿಯ ಹಾಸ್ಯ ಕಾರ್ಯಕ್ರಮವೊಂದರ ಗದ್ದಲದ ನಂತರ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸಲಹಾಪತ್ರ ಹೊರಡಿಸಿ ಸಂಹಿತೆಯನ್ನು ಪಾಲಿಸಿ ಎಂದು ಆ್ಯಪ್‌ಗಳಿಗೆ ನೆನಪಿಸಿತು. ನೆನಪಿಸುವಂತಾಯಿತು ಎಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ.

ಲಾಕ್ ಎಲ್ಲಿ ಸೋಲುತ್ತದೆ ಎಂಬುದನ್ನು ನೆಟ್‌ಫ್ಲಿಕ್ಸ್‌ನ ಉದಾಹರಣೆಯಿಂದ ಹೇಳುತ್ತೇನೆ. ಅದರ ವ್ಯವಸ್ಥೆ ಉಳಿದ ಕೆಲವಕ್ಕಿಂತ ಚೆನ್ನಾಗಿದೆ, ಆದ್ದರಿಂದಲೇ ಅದನ್ನು ಆರಿಸಿದ್ದೇನೆ. ಮಗುವಿಗೆಂದು ಬೇರೆ ಪ್ರೊಫೈಲ್ ಮಾಡಿ ವಯೋಮಿತಿ 7+ ಎಂದು ಗೊತ್ತುಮಾಡಿದರೆ, ಆ ಪ್ರೊಫೈಲಿನೊಳಗೆ ದೊಡ್ಡವರ ಚಿತ್ರ ಕಾಣುವುದಿಲ್ಲ. ಹೆಚ್ಚಿನ ತಂದೆತಾಯಂದಿರು ಇಲ್ಲಿಗೇ ನೆಮ್ಮದಿಯಾಗುತ್ತಾರೆ. ಆದರೆ ಮಗು ಪ್ರೊಫೈಲ್ ಬದಲಿಸುವ ಪುಟಕ್ಕೆ ಹೋಗಿ ಅಪ್ಪನ ಚಿತ್ರದ ಮೇಲೆ ಬೆರಳಿಟ್ಟರೆ ಎಲ್ಲವೂ ತೆರೆದುಕೊಳ್ಳುತ್ತದೆ. ಹಾಗಾಗಿ ಬೀಗ ಬೇಕಾದದ್ದು ಮಗುವಿನ ಪ್ರೊಫೈಲಿಗಲ್ಲ, ದೊಡ್ಡವರ ಪ್ರತಿಯೊಂದು ಪ್ರೊಫೈಲಿಗೆ. ಅದಕ್ಕೆ ಅಕೌಂಟಿನ ಪುಟಕ್ಕೆ ಹೋಗಿ, ಆಯಾ ಪ್ರೊಫೈಲಿನಲ್ಲಿ Profile Lock ಆರಿಸಿ, ಅಕೌಂಟಿನ ಪಾಸ್‌ವರ್ಡ್ ಕೊಟ್ಟು, ನಾಲ್ಕಂಕಿಯ ಪಿನ್ ಇಡಬೇಕು. ಹೊಸ ಪ್ರೊಫೈಲ್ ಸೇರಿಸಲೂ ಪಿನ್ ಕೇಳಬೇಕು ಎಂಬ ಆಯ್ಕೆಯನ್ನು ಅದೇ ಜಾಗದಲ್ಲಿ ಒತ್ತದಿದ್ದರೆ, ಮಗು ತನಗೇ ಒಂದು ವಯಸ್ಕರ ಪ್ರೊಫೈಲ್ ಮಾಡಿಕೊಳ್ಳಬಲ್ಲದು. ಇಷ್ಟೂ ಹೆಜ್ಜೆ ಸರಿಯಾಗಿ ಇಟ್ಟರೆ ಮಾತ್ರ ಲಾಕ್ ಎಂಬುದಕ್ಕೆ ಅರ್ಥ. ಅಕೌಂಟ್ ತೆರೆಯುವಾಗ ಈ ಯಾವುದೂ ಹಾಕಿರುವುದಿಲ್ಲ.

ಈಗ ಡೌನ್‌ಲೋಡಿಗೆ ಬರುತ್ತೇನೆ, ಏಕೆಂದರೆ ಮುಂಬಯಿಯಲ್ಲಿ ಒಟಿಟಿ ಎಂದರೆ ಅರ್ಧ ಡೌನ್‌ಲೋಡೇ. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರ್, ಲೋಕಲ್‌ನಲ್ಲಿ ಹತ್ತಿರ ಹತ್ತಿರ ಒಂದೂವರೆ ಗಂಟೆ. ದಾರಿಯಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ, ಆದ್ದರಿಂದ ಜನ ಹಿಂದಿನ ರಾತ್ರಿಯೇ ಇಳಿಸಿಕೊಳ್ಳುತ್ತಾರೆ. ಸೆಕೆಂಡಿಗೆ 1 ಮೆಗಾಬಿಟ್‌ನ ಸಾಧಾರಣ ಗುಣಮಟ್ಟದಲ್ಲಿ 45 ನಿಮಿಷದ ಕಂತಿಗೆ ಸುಮಾರು 340 ಎಂಬಿ ಸಾಕು. ಅದೇ ಕಂತು 5 ಮೆಗಾಬಿಟ್‌ನ ಎಚ್‌ಡಿಯಲ್ಲಿ ಸುಮಾರು 1.7 ಜಿಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿಯ ರೀಚಾರ್ಜ್ ಹಾಕಿಸಿಕೊಂಡ ಮನೆಯಲ್ಲಿ ಒಂದು ಕಂತಿಗೇ ಇಡೀ ದಿನದ ಡೇಟಾ ಸಾಲದು. ಇದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನೆಟ್‌ಫ್ಲಿಕ್ಸ್‌ನಲ್ಲಿ ಡೌನ್‌ಲೋಡ್ ಗುಣಮಟ್ಟ ಮೊದಲಿನಿಂದಲೇ Standard ಎಂದಿರುತ್ತದೆ, Wi-Fi Only ಎಂಬ ಗುಂಡಿ ಮೊದಲಿನಿಂದಲೇ ಒತ್ತಿರುತ್ತದೆ. ಬೇಡವಾದವರು ಹೋಗಿ ಬದಲಿಸಿಕೊಳ್ಳಬೇಕು. ಗ್ರಾಹಕನ ಡೇಟಾ ಅವನಿಗೆ ತಿಳಿಯದೆ ಸೋರಿಹೋಗಬಾರದು ಎಂಬ ಎಚ್ಚರ ಇದರಲ್ಲಿದೆ, ಮೆಚ್ಚಬೇಕಾದ ಎಚ್ಚರವೇ. ನನ್ನ ಪ್ರಶ್ನೆ ಇಷ್ಟು: ಡೇಟಾ ಕಾಯುವ ಗುಂಡಿಯನ್ನು ತಾವೇ ಒತ್ತಿಟ್ಟು ಕೊಡಬಲ್ಲವರು ಮಗುವನ್ನು ಕಾಯುವ ಗುಂಡಿಯನ್ನು ಏಕೆ ಒತ್ತಿಟ್ಟು ಕೊಡುವುದಿಲ್ಲ? ಮುಂದಿನ ಕಂತು ತಾನಾಗಿ ಶುರುವಾಗುವ ಆಟೊಪ್ಲೇಯೂ ಕೇಳದೆಯೇ ಚಾಲೂ ಇರುತ್ತದೆ. ಮೊದಲ ದಿನದ ಸ್ಥಿತಿ ಹೇಗಿರಬೇಕು ಎಂಬ ನಿರ್ಧಾರವನ್ನು ಕಂಪನಿ ಪ್ರತಿಯೊಂದು ಗುಂಡಿಗೂ ಯೋಚಿಸಿಯೇ ಮಾಡಿದೆ. ಲಾಕನ್ನು ತೆರೆದಿಟ್ಟದ್ದೂ ಅಂಥ ನಿರ್ಧಾರವೇ, ಮರೆವಲ್ಲ.

ಲಾಕನ್ನು ಡೌನ್‌ಲೋಡ್ ದುರ್ಬಲಗೊಳಿಸುವ ಬಗೆ ಒಂದಿದೆ. ಇಳಿಸಿಕೊಂಡ ಚಿತ್ರ ಫೋನಿನಲ್ಲೇ ಇರುತ್ತದೆ. ತಾಯಿ ಕಚೇರಿಯಿಂದ ಬೇರೆ ಫೋನಿನಲ್ಲಿ ವಯೋಮಿತಿ ಬದಲಿಸಿದರೆ, ಮನೆಯ ಫೋನ್ ಮತ್ತೆ ಇಂಟರ್‌ನೆಟ್‌ಗೆ ಸೇರುವವರೆಗೆ ಅದಕ್ಕೆ ಆ ಬದಲಾವಣೆ ತಿಳಿಯುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಆ್ಯಪನ್ನು ಪರೀಕ್ಷಿಸಬಹುದು: ಏರೋಪ್ಲೇನ್ ಮೋಡ್ ಹಾಕಿ, ಮಗುವಿನ ಪ್ರೊಫೈಲಿಗೆ ಹೋಗಿ, ಡೌನ್‌ಲೋಡ್ ಪುಟ ತೆರೆಯಿರಿ. ದೊಡ್ಡವರು ಇಳಿಸಿದ 16+ ಚಿತ್ರ ಅಲ್ಲಿ ಕಂಡು, ಪಿನ್ ಕೇಳದೆ ಓಡಿದರೆ, ಆ ಆ್ಯಪಿನ ಲಾಕ್ ಅರ್ಧ ಲಾಕ್. ಒಂದು ಕೋಣೆಯ ಚಾಳಿನ ಮನೆಯಲ್ಲಿ ಅಪ್ಪ ರಾತ್ರಿ ತನಗೆ ಇಳಿಸಿಕೊಂಡದ್ದೂ ಬೆಳಿಗ್ಗೆ ಮಗುವನ್ನು ಸುಮ್ಮನಿರಿಸಲು ಕೊಡುವುದೂ ಒಂದೇ ಫೋನಿನಲ್ಲಿ. ತಿಂಗಳಿಗೆ 149 ರೂಪಾಯಿಯ ಮೊಬೈಲ್ ಪ್ಲಾನ್ ಮಾರುವವರಿಗೆ ಇದು ಅರಿಯದ ಸಂಗತಿಯೇನಲ್ಲ.

ಹೊರದೇಶದಲ್ಲಿ ಇದನ್ನು ಬೇರೆ ರೀತಿ ಮಾಡಿದ್ದಾರೆ. ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ರಾಯ್, ದೊಡ್ಡವರ ರಾಯ್‌ಪ್ಲೇ ಆ್ಯಪಿನಿಂದ ಚಿಕ್ಕ ಮಕ್ಕಳನ್ನು ಪೂರ್ತಿ ಬೇರ್ಪಡಿಸಿ ರಾಯ್‌ಪ್ಲೇ ಯೋಯೋ ಎಂಬ ಪ್ರತ್ಯೇಕ ಆ್ಯಪ್ ಕೊಟ್ಟಿದೆ. ಮಗುವಿನ ಪ್ರೊಫೈಲ್, ಇಳಿಸಿಕೊಂಡು ನೋಡುವ ಸೌಲಭ್ಯ, ತಂದೆತಾಯಿ ಇಡುವ ಸಮಯಮಿತಿ ಎಲ್ಲವೂ ಅದರೊಳಗೇ ಇವೆ, ಜಾಹೀರಾತಿಲ್ಲ. ಪ್ರೊಫೈಲ್ ಬದಲಿಸಿ ದೊಡ್ಡವರ ಕಡೆಗೆ ದಾಟುವ ಬಾಗಿಲೇ ಅಲ್ಲಿಲ್ಲ. ಅದೇ ದೇಶದ ಸಂವಹನ ನಿಯಂತ್ರಕ ಆ್ಯಗ್‌ಕಾಮ್ ಇನ್ನೂ ಒಂದು ಹೆಜ್ಜೆ ಇಟ್ಟಿತು. 2023ರ ನವೆಂಬರ್ 21ರಿಂದ, ಅಪ್ರಾಪ್ತರ ಹೆಸರಿನ ಸಿಮ್‌ಗಳಲ್ಲಿ ಪೇರೆಂಟಲ್ ಕಂಟ್ರೋಲನ್ನು ಮೊಬೈಲ್ ಕಂಪನಿಯೇ ಉಚಿತವಾಗಿ ಚಾಲೂ ಮಾಡಿಯೇ ಕೊಡಬೇಕು, ತೆಗೆಯಬೇಕಾದರೆ ದೊಡ್ಡವರೇ ತೆಗೆಯಬೇಕು. ಈ ಎರಡನೆಯ ಕ್ರಮವನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿ ನಡೆಯದು. ನಮ್ಮಲ್ಲಿ 18 ತುಂಬದವರ ಹೆಸರಿಗೆ ಸಿಮ್ ಕೊಡುವುದಿಲ್ಲ, ಮಗು ಹಿಡಿದ ಫೋನಿನ ಸಿಮ್ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿರುತ್ತದೆ. ಹೀಗಾಗಿ ಭಾರತದಲ್ಲಿ ಲಾಕ್ ಸಿಮ್‌ನಲ್ಲಿ ಅಲ್ಲ, ಆ್ಯಪಿನಲ್ಲೇ ಇರಬೇಕು. ಜಾಗ ಬೇರೆಯಾದರೂ ತತ್ವ ಒಂದೇ: ಸುರಕ್ಷೆ ಮೊದಲೇ ಇರಲಿ, ಬೇಡವಾದವರು ತೆಗೆಯಲಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕದ್ದು ತಂದೆತಾಯಿಯ ಹೊಣೆಯ ಮಾತು. ಹೊಣೆ ಅವರದೇ, ಒಪ್ಪುತ್ತೇನೆ. ಆದರೆ ರೀಚಾರ್ಜ್ ಜೊತೆಗೆ ಬಿಟ್ಟಿ ಬಂದ ಒಟಿಟಿಯನ್ನು ಮನೆಯಲ್ಲಿ ಚಾಲೂ ಮಾಡುವವರು ಯಾರು? ಎಷ್ಟೋ ಕಡೆ ಹೈಸ್ಕೂಲಿನ ಮಗನೋ ಮಗಳೋ. ಪಾಸ್‌ವರ್ಡ್ ಅವರಿಗೇ ಗೊತ್ತು. ಬೆಳಿಗ್ಗೆ ಏಳರ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮರಳುವ ತಾಯಿ ಸೆಟ್ಟಿಂಗ್ ಹುಡುಕಿ ಹಾಕಬೇಕು ಎನ್ನುವುದು ಹೊಣೆಯನ್ನು ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಅನುಕೂಲವಿರುವವರ ತಲೆಗೆ ಕಟ್ಟಿದಂತೆ. ಇನ್ನು ವಯಸ್ಕರ ಸ್ವಾತಂತ್ರ್ಯ. ನಾನು ಯಾವ ಚಿತ್ರವನ್ನೂ ತೆಗೆಯಿರಿ, ಕತ್ತರಿಸಿ ಎನ್ನುತ್ತಿಲ್ಲ, ನಿಷೇಧದ ಪರವೂ ಅಲ್ಲ. ನಾಲ್ಕಂಕಿ ಒತ್ತಿ ವಯಸ್ಕರು ಏನನ್ನಾದರೂ ನೋಡಲಿ. ಮಕ್ಕಳಿಲ್ಲದ ಮನೆಯವರು ಒಂದೇ ಸಲಕ್ಕೆ ಲಾಕ್ ತೆಗೆದುಬಿಡಲಿ. ವಯಸ್ಸು ಸಾಬೀತುಪಡಿಸಲು ಆಧಾರ್ ಕೇಳುತ್ತಾರೆ, ಯಾರು ಏನು ನೋಡಿದರೆಂಬ ದಾಖಲೆ ಬೆಳೆಯುತ್ತದೆ ಎಂಬ ಭಯವೂ ನಿಜವಾದದ್ದೇ, ಮತ್ತು ಅದಕ್ಕಾಗಿಯೇ ನಾನು ಗುರುತಿನ ಚೀಟಿಯ ಪರಿಶೀಲನೆಯನ್ನು ಕೇಳುತ್ತಿಲ್ಲ. ಹಣ ಕಟ್ಟಿದವರ ಕೈಯಲ್ಲಿ ಒಂದು ಪಿನ್, ಅಷ್ಟೇ. ಮಕ್ಕಳು ಪಿನ್ ಕದ್ದು ನೋಡುತ್ತಾರೆ ಎನ್ನುವುದೂ ಸುಳ್ಳಲ್ಲ. ಒಂದೇ ಕೋಣೆಯಲ್ಲಿ ನಾಲ್ಕಂಕಿಯನ್ನು ಗುಟ್ಟಾಗಿಡುವುದು ಕಷ್ಟ, ಹದಿನಾಲ್ಕರ ಹುಡುಗ ಬೇರೆ ದಾರಿಗಳನ್ನೂ ಬಲ್ಲ. ಆದರೆ ಏಳು ವರ್ಷದ ಮಗು ಹುಡುಕಿಕೊಂಡು ಹೋಗುವುದಿಲ್ಲ, ಎದುರಿಗೆ ಬಂದದ್ದನ್ನು ಒತ್ತುತ್ತದೆ. ಈ ಲಾಕ್ ಮುಖ್ಯವಾಗಿ ಆ ಮಗುವಿಗೆ.

ಆದ್ದರಿಂದ ಸಚಿವಾಲಯ ಮುಂದಿನ ಬಾರಿ ಆ್ಯಪ್‌ಗಳ ಪಟ್ಟಿ ಹಿಡಿದು ನಿಷೇಧಕ್ಕೆ ಹೊರಡುವ ಮೊದಲು, ಸುದ್ದಿಮಾಧ್ಯಮವನ್ನು ಈ ಸಂಹಿತೆಯಿಂದ ಬಿಡಿಸಿ, ಮಕ್ಕಳ ಲಾಕನ್ನು ಪ್ರತ್ಯೇಕ ನಿಯಮವಾಗಿ ತರಲಿ. ಅದರಲ್ಲಿ ಲಭ್ಯವಿರಬೇಕು ಎಂಬುದನ್ನು ತಿದ್ದಿ, ಅಕೌಂಟ್ ತೆರೆಯುವಾಗಲೇ 16+ ಮತ್ತು ಎ ವರ್ಗಗಳಿಗೆ ಪಿನ್ ಹಾಕಿರಬೇಕು ಎಂದು ಬರೆಯಲಿ. ಹೊಸ ಪ್ರೊಫೈಲಿಗೂ ಪಿನ್ ಬೇಕು, ಡೌನ್‌ಲೋಡ್ ಮಾಡಿದ ಚಿತ್ರ ಇಂಟರ್‌ನೆಟ್ ಇಲ್ಲದಾಗಲೂ ಅದೇ ಪಿನ್ ಕೇಳಬೇಕು ಎಂದೂ ಸೇರಿಸಲಿ. ಒಟಿಟಿ ಕಂಪನಿಗಳ ಸ್ವನಿಯಂತ್ರಣ ಮಂಡಳಿಗಳು ನಿಯಮಕ್ಕೆ ಕಾಯಬೇಕಾಗಿಯೂ ಇಲ್ಲ. Wi-Fi Only ಗುಂಡಿಗೆ ಯಾವ ಸರ್ಕಾರವೂ ಆದೇಶ ಕೊಟ್ಟಿರಲಿಲ್ಲ.

ಇತಿ,
ಒಬ್ಬ ಓದುಗ, ಡೊಂಬಿವಲಿ