ಏಳು ಕೋಟಿ ಬಾಕ್ಸ್ ಕುಡಿದವರು ಯಾರು?

ಬೆಳಿಗ್ಗೆ ವೈನ್ ಶಾಪಿನ ಮುಂದೆ ಲಾರಿಯಿಂದ ಇಳಿಯುವ ರಟ್ಟಿನ ಬಾಕ್ಸುಗಳನ್ನು ನೀವೂ ನೋಡಿರುತ್ತೀರಿ. ವಿಸ್ಕಿ, ಬ್ರಾಂದಿಯ ಕ್ವಾರ್ಟರ್ ಬಾಟಲಿಗಳಾದರೆ ಒಂದು ಬಾಕ್ಸಿನಲ್ಲಿ 48. ಒಂದೊಂದರಲ್ಲಿ 180 ಮಿಲಿ, ಒಟ್ಟು 8.64 ಲೀಟರ್. ಬಿಯರಿನ ಬಾಕ್ಸಾದರೆ 650 ಮಿಲಿಯ 12 ಬಾಟಲಿ, 7.8 ಲೀಟರ್. ಅಬಕಾರಿ ಇಲಾಖೆ ರಾಜ್ಯದ ಕುಡಿತವನ್ನು ಅಳೆಯುವುದು ಈ ಬಾಕ್ಸಿನಲ್ಲಿ. ಪ್ರತಿ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬರುವ ಸುದ್ದಿಯೂ ಇದೇ: ಇಷ್ಟು ಬಾಕ್ಸ್ ಮಾರಾಟ, ಇಷ್ಟು ಸಾವಿರ ಕೋಟಿ ಆದಾಯ.

ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು ಏಳು ಕೋಟಿ ಬಾಕ್ಸ್ ವಿಸ್ಕಿ, ಬ್ರಾಂದಿ, ರಮ್ಮು ಮಾರಾಟವಾಗುತ್ತದೆ. ಬಿಯರು ನಾಲ್ಕು ಕೋಟಿ ಬಾಕ್ಸಿನ ಆಚೀಚೆ. ಬಿಯರನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಏಳು ಕೋಟಿಯನ್ನು 48ರಿಂದ ಗುಣಿಸಿದರೆ 336 ಕೋಟಿ ಕ್ವಾರ್ಟರ್. ಇದನ್ನು ಕುಡಿದವರು ಎಷ್ಟು ಮಂದಿ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಕೇಳಿದರೆ, ರಾಜ್ಯದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಬ್ಬ, ಹೆಂಗಸರಲ್ಲಿ ನೂರಕ್ಕೆ ಒಬ್ಬರು. ತಲೆ ಎಣಿಸಿದರೆ ಒಟ್ಟು 47 ಲಕ್ಷದ ಸುಮಾರು. 336 ಕೋಟಿಯನ್ನು ಅವರಿಗೆ ಹಂಚಿ ನೋಡಿ. ತಲೆಗೆ ವರ್ಷಕ್ಕೆ 715 ಕ್ವಾರ್ಟರ್ ಬರುತ್ತದೆ. ಅಂದರೆ ಯುಗಾದಿ, ಶಿವರಾತ್ರಿ ಯಾವುದನ್ನೂ ಬಿಡದೆ ದಿನಕ್ಕೆ ಎರಡು. ಮದುವೆ ಮನೆಯಲ್ಲಿ ವರ್ಷಕ್ಕೊಮ್ಮೆ ಗ್ಲಾಸು ಹಿಡಿಯುವವನ ಪಾಲಿಗೂ ದಿನಕ್ಕೆ ಎರಡು.

ಇದು ಆಗದ ಮಾತು. ಹಾಗಾದರೆ ಎರಡು ಲೆಕ್ಕಗಳಲ್ಲಿ ಒಂದು ತಪ್ಪಿರಬೇಕು. ಬಾಕ್ಸಿನ ಲೆಕ್ಕ ತಪ್ಪುವುದು ಕಷ್ಟ. ಎಲ್ಲ ಮಾಲೂ ಪಾನೀಯ ನಿಗಮದ ಡಿಪೋ ಮೂಲಕವೇ ಹೋಗಬೇಕು, ಪ್ರತಿ ಬಾಟಲಿಗೂ ಸುಂಕ ಕಟ್ಟಿರಬೇಕು. ಪ್ರವಾಸಿಗರು ಕುಡಿದದ್ದು, ಗಡಿಯಾಚೆ ಹೋದದ್ದು ಒಂದಿಷ್ಟು ಇದ್ದೀತು. ಆದರೆ ಗೋವಾದಿಂದ ಬಸ್ಸಿನ ಸೀಟಿನ ಕೆಳಗೆ ಒಳಬರುವುದೂ ಇದೆಯಲ್ಲ. ಹುಳುಕಿರುವುದು ಸಮೀಕ್ಷೆಯಲ್ಲಿ. ಅದಕ್ಕೆ ಸಮೀಕ್ಷೆ ಮಾಡುವವರನ್ನು ದೂರಿ ಫಲವಿಲ್ಲ. ಅಪರಿಚಿತರೊಬ್ಬರು ಜಗಲಿಯ ಮೇಲೆ ಕೂತು, ಒಳಗೆ ಹೆಂಡತಿ ಅಕ್ಕಿ ಆರಿಸುತ್ತಿರುವಾಗ, ಮಗಳು ಹೋಂವರ್ಕ್ ಬರೆಯುತ್ತಿರುವಾಗ, "ನೀವು ಮದ್ಯ ಸೇವಿಸುತ್ತೀರಾ?" ಎಂದು ಕೇಳಿದರೆ ನಮ್ಮ ಊರುಗಳಲ್ಲಿ ಎಂಥ ಉತ್ತರ ಬರುತ್ತದೆ? "ಏ, ಇಲ್ಲಪ್ಪ." ತೀರಾ ಹೆಚ್ಚು ಕುಡಿಯುವವನಂತೂ ಆ ಹೊತ್ತಿಗೆ ಮನೆಯಲ್ಲೇ ಇರುವುದಿಲ್ಲ. ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಮಲಗುವವನಿಗೆ ಬಾಗಿಲೇ ಇಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಜನ ಸಮೀಕ್ಷೆಯಲ್ಲಿ ಒಪ್ಪಿಕೊಂಡ ಕುಡಿತವನ್ನೆಲ್ಲ ಕೂಡಿಸಿದರೆ ಮಾರಾಟದ ಅರ್ಧದಷ್ಟೇ ಆಗುವುದು ಎಷ್ಟೋ ದೇಶಗಳಲ್ಲಿ ಕಂಡ ಸಂಗತಿ. ದೆಹಲಿಯ ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ಮಾದಕ ವಸ್ತುಗಳ ಬಗ್ಗೆಯೇ ನಡೆದ ದೇಶವ್ಯಾಪಿ ಸಮೀಕ್ಷೆಯ ವರದಿ 2019ರಲ್ಲಿ ಹೊರಬಿದ್ದಾಗ ನೂರಕ್ಕೆ 27 ಗಂಡಸರು ಕುಡಿಯುತ್ತಾರೆಂದು ಬಂತು. ಅದೇ ಹೊತ್ತಿನ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಅಂಕಿ 19. ವಯೋಮಿತಿ ಒಂದೇ ಅಲ್ಲ ನಿಜ, ಆದರೂ ಕೇಳುವ ರೀತಿ ಬದಲಾದರೆ ಕುಡುಕರ ಸಂಖ್ಯೆಯೇ ಬದಲಾಗುತ್ತದೆ. ಅದಕ್ಕೇ ಜನಾರೋಗ್ಯದ ಲೆಕ್ಕ ಹಾಕುವವರು ಮೊದಲು ಮಾರಾಟವನ್ನು ಹಿಡಿಯುತ್ತಾರೆ, ಅದನ್ನು ಶುದ್ಧ ಆಲ್ಕೋಹಾಲಿನ ಲೀಟರಿಗೆ ಇಳಿಸುತ್ತಾರೆ, ಲೆಕ್ಕಕ್ಕೆ ಸಿಗದ ಕಳ್ಳಭಟ್ಟಿಗೆ ಒಂದು ಅಂದಾಜು ಸೇರಿಸಿ ವಯಸ್ಕರ ಸಂಖ್ಯೆಯಿಂದ ಭಾಗಿಸುತ್ತಾರೆ. ಸಮೀಕ್ಷೆಯನ್ನು ಬಳಸುವುದು ಆ ಮೊತ್ತ ಯಾರ್ಯಾರ ನಡುವೆ ಹೇಗೆ ಹಂಚಿಹೋಗಿದೆ ಎಂದು ತಿಳಿಯುವುದಕ್ಕೆ.

ಬಾಕ್ಸಿನ ಲೆಕ್ಕ ನಮ್ಮನ್ನು ದಾರಿ ತಪ್ಪಿಸುವುದು ಈ ಶುದ್ಧ ಆಲ್ಕೋಹಾಲಿನ ವಿಷಯದಲ್ಲೇ. ನಮ್ಮ ವಿಸ್ಕಿಯ ಲೇಬಲ್ಲಿನ ಮೇಲೆ ಶೇ 42.8 ಎಂದಿರುತ್ತದೆ. ಅಂದರೆ ಒಂದು ಕ್ವಾರ್ಟರಿನಲ್ಲಿ 77 ಮಿಲಿ ಶುದ್ಧ ಆಲ್ಕೋಹಾಲು, ಬಾಕ್ಸಿನಲ್ಲಿ 3.7 ಲೀಟರ್. ಶೇ 5ರ ಬಿಯರಿನ ಬಾಕ್ಸಿನಲ್ಲಿ ಇರುವುದು 0.39 ಲೀಟರ್. ಒಂಬತ್ತೂವರೆ ಬಾಕ್ಸ್ ಬಿಯರ್ ಸೇರಿದರೆ ಒಂದು ಬಾಕ್ಸ್ ವಿಸ್ಕಿಗೆ ಸಮ. ಆದರೂ ಬೇಸಿಗೆಯಲ್ಲಿ ಬಿಯರ್ ಮಾರಾಟ ಏರಿದಾಗ ಜನ ಕೆಟ್ಟೇಹೋದರು ಎಂಬ ಧಾಟಿಯಲ್ಲಿ ಸುದ್ದಿ ಬರುತ್ತದೆ. ಬೆಂಗಳೂರಿನ ಪಬ್ಬುಗಳ ಮೇಲೆ ನಮಗಿರುವ ಸಿಟ್ಟು ನೂರೆಂಟು ಊರುಗಳ ಕ್ವಾರ್ಟರಿನ ಮೇಲೆ ಇಲ್ಲ.

ಇನ್ನು ಹಾನಿಯ ಲೆಕ್ಕ. ರಾತ್ರಿ ಒಂಬತ್ತಕ್ಕೆ ಬೈಕಿನವನೊಬ್ಬ ರಸ್ತೆ ಪಕ್ಕ ನಿಂತ ಕಬ್ಬಿನ ಟ್ರೇಲರಿಗೆ ಗುದ್ದಿ ಸಾಯುತ್ತಾನೆ ಅಂದುಕೊಳ್ಳಿ. ಮರಣದ ಕಾರಣ: ತಲೆಗೆ ಪೆಟ್ಟು. ರಕ್ತಪರೀಕ್ಷೆ ಮಾಡಿಸಿ ಕುಡಿದದ್ದು ದಾಖಲಾದರೆ ವಿಮೆ ಕೈತಪ್ಪೀತು ಎಂದು ಮನೆಯವರಿಗೆ ಅಳುಕು. ಕಾಮಾಲೆಯಾಗಿ ಹೊಟ್ಟೆ ಊದಿ ಸತ್ತವನ ಚೀಟಿಯಲ್ಲೂ ಎಷ್ಟೋ ಸಲ ಬರೀ 'ಲಿವರ್ ಫೇಲ್ಯೂರ್' ಅಷ್ಟೇ. ಹಾಗಾಗಿ ಚೀಟಿ ಎಣಿಸಿ ಪ್ರಯೋಜನವಿಲ್ಲ, ಸುತ್ತುದಾರಿ ಹಿಡಿಯಬೇಕು. ಲೆಕ್ಕ ತಿಳಿಯಲಿಕ್ಕೆಂದು ನಾನೇ ಕಟ್ಟಿದ ಅಂಕಿಗಳಲ್ಲಿ ಹೇಳುತ್ತೇನೆ. ಒಂದು ಕಾಯಿಲೆಯಿಂದ ಕುಡಿಯದವರಲ್ಲಿ ಸಾವಿರಕ್ಕೆ ಇಬ್ಬರು, ಕುಡಿಯುವವರಲ್ಲಿ ಆರು ಮಂದಿ ಸಾಯುತ್ತಾರೆ ಎನ್ನಿ. ಮೂರು ಸಾವಿರ ಜನರ ಊರಲ್ಲಿ ಒಂದು ಸಾವಿರ ಮಂದಿ ಕುಡಿದರೆ ಸಾವು ಹತ್ತು. ಯಾರೂ ಕುಡಿಯದಿದ್ದರೆ ಆರು. ಹತ್ತರಲ್ಲಿ ನಾಲ್ಕು ಕುಡಿತದ ಖಾತೆಗೆ. ಯಾವ ನಾಲ್ಕು ಎಂದು ಹೆಸರು ಹಿಡಿದು ಹೇಳಲು ಬರುವುದಿಲ್ಲ, ಆದರೆ ನಾಲ್ಕು ಎಂಬುದು ಖಚಿತ. ಅದೇ ಊರಲ್ಲಿ ಸಮೀಕ್ಷೆಯವರ ಮುಂದೆ ಒಪ್ಪಿಕೊಂಡವರು ಐನೂರೇ ಆಗಿದ್ದರೆ? ಆಗ ಲೆಕ್ಕದ ಪ್ರಕಾರ ಎಂಟರಲ್ಲಿ ಎರಡು ಮಾತ್ರ. ಜಗಲಿಯ ಮೇಲೆ ಹೇಳಿದ "ಇಲ್ಲಪ್ಪ" ಎಂಬ ಒಂದು ಮಾತಿಗೆ ಹಾನಿಯ ಪಾಲು ಶೇ 40ರಿಂದ 25ಕ್ಕೆ ಇಳಿಯಿತು.

ಎಲ್ಲ ಕಾಯಿಲೆಗಳಲ್ಲಿ ಲಿವರ್ ಸಿರೋಸಿಸ್ ಒಳ್ಳೆಯ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್ಸಿನಲ್ಲಿ ವೈನಿಗೆ ರೇಷನ್ ಬಂದಾಗ ಸಿರೋಸಿಸ್ ಸಾವು ನಾಲ್ಕೈದು ವರ್ಷದಲ್ಲಿ ಐದನೇ ಒಂದಕ್ಕೂ ಕೆಳಗೆ ಕುಸಿಯಿತು. ಇಪ್ಪತ್ತು ವರ್ಷ ಕುಡಿದು ಬರುವ ಕಾಯಿಲೆ ಅಷ್ಟು ಬೇಗ ಇಳಿದದ್ದು ಹೇಗೆ? ಲಿವರು ಅರ್ಧ ಹಾಳಾಗಿ ಅಂಚಿನಲ್ಲಿ ನಿಂತವರು ಯಾವತ್ತೂ ಸಾವಿರಾರು ಮಂದಿ ಇರುತ್ತಾರೆ. ಪೂರೈಕೆ ತಗ್ಗಿದರೆ ಅವರು ಅಂಚು ದಾಟುವುದಿಲ್ಲ.

ಯುದ್ಧವಿಲ್ಲದೆ ಅದನ್ನು ಮಾಡಬಹುದೇ ಎಂದು ಸ್ಕಾಟ್ಲೆಂಡ್ ನೋಡಿತು. 2018ರ ಮೇ 1ರಿಂದ ಅಲ್ಲಿ 10 ಮಿಲಿ ಶುದ್ಧ ಆಲ್ಕೋಹಾಲನ್ನು 50 ಪೆನ್ಸಿಗಿಂತ ಅಗ್ಗಕ್ಕೆ ಮಾರುವಂತಿಲ್ಲ ಎಂದಾಯಿತು. ಬಾಟಲಿಗೆ ಅಂಟಿಸಿದ ಬ್ರ್ಯಾಂಡು ಯಾವುದಾದರೂ ಸರಿ. ಅಲ್ಲಿ ತೀವ್ರ ಕುಡಿತದವರ ಪಾನೀಯವೆಂದರೆ ಮೂರು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಸ್ಟ್ರಾಂಗ್ ಸೈಡರ್, ಸೇಬಿನ ಹುಳಿಮದ್ಯ. ನಾಲ್ಕೈದು ಪೌಂಡಿನ ಬಾಟಲಿ ಹನ್ನೊಂದು ಪೌಂಡ್ ದಾಟಿತು. ಕೆಲವೇ ದಿನಗಳಲ್ಲಿ ಅಂಗಡಿಯ ಶೆಲ್ಫಿನಿಂದ ಕಾಣೆಯಾಗುತ್ತ ಬಂತು. ಒಟ್ಟು ಮಾರಾಟ ಇಳಿದದ್ದು ಶೇ 3ರಷ್ಟೇ. ಆದರೆ ನೇರವಾಗಿ ಕುಡಿತದಿಂದಲೇ ಆಗುವ ಸಾವು, ಈ ನಿಯಮವಿಲ್ಲದ ಇಂಗ್ಲೆಂಡಿಗೆ ಹೋಲಿಸಿ ನೋಡಿದರೆ, ಶೇ 13ರಷ್ಟು ಕಡಿಮೆ. ಕುಡಿಯುವವರಲ್ಲಿ ಕೆಲವರು ಬಹುಪಾಲು ಕುಡಿಯುತ್ತಾರೆ, ಅವರು ಅಗ್ಗದ್ದನ್ನೇ ಕುಡಿಯುತ್ತಾರೆ. ತಳದ ಬೆಲೆ ಎತ್ತಿದರೆ ಪೆಟ್ಟು ಬೀಳುವುದು ಅಲ್ಲೇ. ಆದರೆ ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಕೆಲವರು ಊಟ ಬಿಟ್ಟು ಬಾಟಲಿ ಕೊಂಡರು ಎಂಬುದೂ ಈ ನಿಯಮದ ಮೌಲ್ಯಮಾಪನದಲ್ಲಿದೆ. ಹೆಚ್ಚಿದ ಬೆಲೆಯ ಹಣವಾದರೋ ಸರ್ಕಾರಕ್ಕೆ ಬರಲಿಲ್ಲ, ಅಂಗಡಿಯವರ ಗಲ್ಲಾಪೆಟ್ಟಿಗೆಗೆ ಹೋಯಿತು.

ಈ ಕಡೆಯ ತೊಂದರೆ ನಮಗಿಲ್ಲ. ನಿಗಮ ನಮ್ಮದೇ, ಬೆಲೆಯೂ ಸುಂಕದಿಂದಲೇ ಕಟ್ಟಿದ್ದು. ಆದರೆ ನಮ್ಮ ಸುಂಕ ಬಹುಕಾಲ ಕುಳಿತಿರುವುದು ಕಂಪನಿ ಘೋಷಿಸಿದ ಬೆಲೆಯ ಸ್ಲ್ಯಾಬುಗಳ ಮೇಲೆ. ಅಗ್ಗದ ಮಾಲಿಗೆ ಕಡಿಮೆ, ದುಬಾರಿಗೆ ಹೆಚ್ಚು. ಕೇಳಲು ನ್ಯಾಯವೇ. ಆದರೆ ಲಿವರಿಗೆ ಬ್ರ್ಯಾಂಡು ಗೊತ್ತಿಲ್ಲ. ತಳದ ಸ್ಲ್ಯಾಬಿನ ಕ್ವಾರ್ಟರು 80 ರೂಪಾಯಿಗೆ ಸಿಕ್ಕರೆ 10 ಮಿಲಿ ಆಲ್ಕೋಹಾಲಿಗೆ ಹತ್ತು ರೂಪಾಯಿ ಬಿತ್ತು. ಶೇ 8ರ ಸ್ಟ್ರಾಂಗ್ ಬಿಯರಿಗೆ 160 ಕೊಟ್ಟವನು ಅಷ್ಟೇ ಆಲ್ಕೋಹಾಲಿಗೆ ಮೂವತ್ತು ಕೊಟ್ಟ. ಹೆಚ್ಚು ಹಾನಿಯ ಸರಕಿಗೆ ಮೂರನೇ ಒಂದು ದರ! ಸುಂಕವನ್ನು ಬಾಟಲಿಯೊಳಗಿನ ಶುದ್ಧ ಆಲ್ಕೋಹಾಲಿನ ಮೇಲೆ ಕೂರಿಸಿ, ತಳಕ್ಕೊಂದು ಗೆರೆ ಎಳೆಯಬೇಕು ಎಂಬುದು ನನ್ನ ವಾದ. ಬಡವನ ಜೇಬಿಗೆ ಕತ್ತರಿ ಎನ್ನುವವರಿದ್ದಾರೆ. ಸರಿ, ಆದರೆ ಆ ಕ್ವಾರ್ಟರಿನ ಆಸ್ಪತ್ರೆ ಬಿಲ್ಲು ಕಟ್ಟುವುದೂ ಅದೇ ಜೇಬು.

ಅಂಗಡಿ ಕಡಿಮೆ ಮಾಡಿ ಎನ್ನುವುದು ಇನ್ನೊಂದು ದಾರಿ. ಕಾಗದದ ಮೇಲೆ ನಾವು ಇದರಲ್ಲಿ ಶಿಸ್ತಿನವರು. ವೈನ್ ಶಾಪಿನ ಸಿಎಲ್-2, ಬಾರಿನ ಸಿಎಲ್-9ರ ಹೊಸ ಸನ್ನದು ಕೊಡುವುದನ್ನು 1990ರ ದಶಕದಲ್ಲೇ ನಿಲ್ಲಿಸಿದ್ದೆವು. ಆದರೆ ಊರಿನ ಹೆಂಗಸರನ್ನು ಕೇಳಿದರೆ ಬೇರೆಯೇ ನಕ್ಷೆ ಕೊಡುತ್ತಾರೆ. ಬೀಡಿ, ಬೆಂಕಿಪೊಟ್ಟಣ ಮಾರುವ ಗೂಡಂಗಡಿಯಲ್ಲಿ, ಇಡ್ಲಿ ಹೋಟೆಲಿನ ಒಲೆಯ ಹಿಂದೆ 90 ಮಿಲಿಯ ಟೆಟ್ರಾ ಪಾಕೀಟು, ಮೇಲೆ ಹತ್ತು ಹದಿನೈದು ರೂಪಾಯಿ ಸೇರಿಸಿ. ಮಾಲು ಬರುವುದು ಸನ್ನದಿನ ಅಂಗಡಿಯಿಂದಲೇ, ಬೈಕಿನ ಹಿಂದೆ ಬಾಕ್ಸ್ ಕಟ್ಟಿಕೊಂಡು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಇನ್ನೂರು ಕಿಲೋಮೀಟರ್ ನಡೆದುಬಂದರಲ್ಲ, ಅವರ ಸಿಟ್ಟು ಈ ಒಲೆಯ ಹಿಂದಿನ ಅಂಗಡಿಯ ಮೇಲೂ ಇತ್ತು. ಜಿಲ್ಲೆಗೆ ಇಂತಿಷ್ಟು ಬಾಕ್ಸ್ ಎತ್ತಬೇಕೆಂಬ ಗುರಿ ಇರುವವರೆಗೆ ಆ ಬೈಕನ್ನು ಯಾರು ತಡೆಯುತ್ತಾರೆ?

ಒಂದನ್ನು ತಡೆದರೆ ಕುಡಿತ ಇನ್ನೊಂದಕ್ಕೆ ಜಾರುವ ಅಪಾಯವೂ ಇದೆ. 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಸಾರಾಯಿ ಮಾರಾಟ ಸೊನ್ನೆಗಿಳಿದದ್ದು ನಿಜ, ಆದರೆ ಆ ಬಾಯಿಗಳು ಅಗ್ಗದ ವಿಸ್ಕಿಗೆ ಬಂದವು. ನಾಳೆ ಅಗ್ಗದ ವಿಸ್ಕಿಯ ಬೆಲೆ ಏರಿಸಿದರೂ ಜನ ರಾಯಚೂರು ಕಡೆಯ ಸಿಎಚ್ ಪೌಡರಿನ ಹೆಂಡಕ್ಕೋ ಕಳ್ಳಭಟ್ಟಿಗೋ ಜಾರಬಹುದು. 2024ರಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥನಾಲ್ ಬೆರೆತದ್ದನ್ನು ಕುಡಿದು ಅರವತ್ತಕ್ಕೂ ಹೆಚ್ಚು ಮಂದಿ ಸತ್ತದ್ದು ಕಣ್ಣ ಮುಂದಿದೆ. ಜಾರಿದರೋ ಇಲ್ಲವೋ ತಿಳಿಯುವ ಬಗೆ ಒಂದಿದೆ: ಬಾಕ್ಸ್ ಇಳಿದು, ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಹೊಟ್ಟೆ ಊದಿಕೊಂಡು ಮಲಗಿದವರ ಸಂಖ್ಯೆ ಇಳಿಯದಿದ್ದರೆ, ಕುಡಿತ ತಗ್ಗಿಲ್ಲ, ನಮ್ಮ ಲೆಕ್ಕದಿಂದ ಆಚೆ ಹೋಗಿದೆ ಅಷ್ಟೇ. ಬಾಕ್ಸಿನ ಅಂಕಿ ಅಬಕಾರಿ ಇಲಾಖೆಯಲ್ಲಿದೆ, ವಾರ್ಡಿನ ಅಂಕಿ ಆರೋಗ್ಯ ಇಲಾಖೆಯಲ್ಲಿದೆ. ಎರಡನ್ನೂ ತಿಂಗಳಿಗೊಮ್ಮೆ ಒಂದೇ ಹಾಳೆಯ ಮೇಲೆ, ಜಿಲ್ಲಾವಾರು, ಪ್ರಕಟಿಸಲಿ.